ಕ್ರಿಯಾಪದದಿಂದ ಹಿಂದಕ್ಕೆ

'ಕುವೆಂಪು ಅವರು ಕವಿ, ನಾಟಕ ಮತ್ತು ಹಲವು ಕಾದಂಬರಿಗಳನ್ನು ಬರೆದಿದ್ದಾರೆ.'

ಪ್ರೌಢಶಾಲೆಯ ಪ್ರಬಂಧಗಳನ್ನು ತಿದ್ದುವವರಿಗೆ ಈ ಜಾತಿಯ ವಾಕ್ಯ ಹೊಸದಲ್ಲ. ಕಾಗುಣಿತ ಸರಿಯಿದೆ, ವಿಭಕ್ತಿ ಇದೆ, ಕ್ರಿಯಾಪದ ಕೊನೆಯಲ್ಲಿ ತನ್ನ ಜಾಗದಲ್ಲಿ ಕುಳಿತಿದೆ. ಆದರೂ ಓದುವಾಗ ಏನೋ ಎಡವಿದಂತಾಗುತ್ತದೆ. ಎಲ್ಲಿ ಎಂದು ಹುಡುಕಲು ಒಂದು ಸುಲಭ ದಾರಿಯಿದೆ. ಕೊನೆಯ ಕ್ರಿಯಾಪದವನ್ನು ಹಿಡಿದು ಸಾಲಿನಲ್ಲಿರುವ ಒಂದೊಂದೇ ಪದದ ಜೊತೆ ಇಟ್ಟು ಓದಬೇಕು. ಕಾದಂಬರಿಗಳನ್ನು ಬರೆದಿದ್ದಾರೆ, ಸರಿ. ನಾಟಕ ಬರೆದಿದ್ದಾರೆ, ಅದೂ ಸರಿ. ಕವಿ ಬರೆದಿದ್ದಾರೆ? ಇಲ್ಲಿ ವಾಕ್ಯ ಮುರಿಯುತ್ತದೆ. ಮೂರು ಸದಸ್ಯರಿರುವ ಪಟ್ಟಿಯಲ್ಲಿ ಇಬ್ಬರು ಕೃತಿಗಳು, ಒಬ್ಬ ಮಾತ್ರ ಮನುಷ್ಯ. 'ಕುವೆಂಪು ಕವಿತೆ, ನಾಟಕ, ಕಾದಂಬರಿಗಳನ್ನು ಬರೆದಿದ್ದಾರೆ' ಎಂದರೆ ಮೂವರೂ ಕೃತಿಗಳಾಗುತ್ತಾರೆ. 'ಕುವೆಂಪು ಕವಿ, ನಾಟಕಕಾರ, ಕಾದಂಬರಿಕಾರ' ಎಂದರೆ ಮೂವರೂ ಮನುಷ್ಯರಾಗುತ್ತಾರೆ. ಎರಡೂ ಒಳ್ಳೆಯ ವಾಕ್ಯಗಳೇ. (ಆ 'ಹಲವು' ಎಂಬುದನ್ನೂ ಕೇಳಬೇಕಾಗಿತ್ತು. ಅವರ ಹೆಸರಿನ ಜೊತೆ ನಾವು ನೆನೆಯುವ ಕಾದಂಬರಿಗಳು ಎರಡೇ: 1936ರ 'ಕಾನೂರು ಹೆಗ್ಗಡಿತಿ' ಮತ್ತು 1967ರ 'ಮಲೆಗಳಲ್ಲಿ ಮದುಮಗಳು'. ಆದರೆ ಅದು ಬೇರೆ ಬಗೆಯ ತಪ್ಪು.)

ಒಂದು ಪಟ್ಟಿಯಲ್ಲಿ ನಿಂತ ಪದಗಳು, ಒಂದು ಹೋಲಿಕೆಯ ಎರಡು ಬದಿಗಳು ಒಂದೇ ಜಾತಿಯವೂ ಒಂದೇ ರೂಪದವೂ ಆಗಿರಬೇಕು. ಇದಕ್ಕೆ ಸಮಾಂತರ ರಚನೆ ಎನ್ನುತ್ತಾರೆ. ಇಂಗ್ಲಿಷ್ ಬರವಣಿಗೆಯ ಕೈಪಿಡಿಗಳಲ್ಲಿ ಇದಕ್ಕೊಂದು ಅಧ್ಯಾಯ ಮೀಸಲಾಗಿರುವುದು ಸಾಮಾನ್ಯ. ಕನ್ನಡ ವ್ಯಾಕರಣದ ತರಗತಿಯಲ್ಲಿ ಸಂಧಿ, ಸಮಾಸ, ಅಲಂಕಾರಗಳ ನಡುವೆ ಇದರ ಸದ್ದು ಕಡಿಮೆ. ಹಾಗೆಂದು ಇಂಗ್ಲಿಷಿನ ಅಧ್ಯಾಯವನ್ನು ತಂದು ಇಲ್ಲಿ ಕೂರಿಸಿದರೆ ಕೆಲಸವಾಗದು, ಏಕೆಂದರೆ ಎರಡು ಭಾಷೆಗಳಲ್ಲಿ ತಪ್ಪು ಹುಟ್ಟುವ ಜಾಗವೇ ಬೇರೆ. ಇಂಗ್ಲಿಷಿನಲ್ಲಿ 'ಐ ಲೈಕ್' ಎಂದು ಮೊದಲೇ ಹೇಳಿ ಪಟ್ಟಿಯನ್ನು ಆಮೇಲೆ ಬಿಚ್ಚುತ್ತಾರೆ. ಪಟ್ಟಿಯನ್ನು ಆಳುವ ಪದ ಕಣ್ಣೆದುರಿಗೇ ಇರುತ್ತದೆ. ಕನ್ನಡದಲ್ಲಿ ಪಟ್ಟಿ ಮೊದಲು ಬರುತ್ತದೆ, ಅದನ್ನು ಆಳುವ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಬರೆಯುವ ಹುಡುಗಿ ಮೊದಲ ಪದಕ್ಕೆ ಪ್ರತ್ಯಯ ಹಚ್ಚುವ ಹೊತ್ತಿಗೆ ಕೊನೆಯಲ್ಲಿ ಯಾವ ಕ್ರಿಯಾಪದ ಬರಲಿದೆ ಎಂದು ಅವಳಿಗೇ ನಿಶ್ಚಯವಿರುವುದಿಲ್ಲ. 'ಕವಿ' ಎಂದು ಬರೆದಾಗ ಅವಳ ಮನಸ್ಸಿನಲ್ಲಿದ್ದದ್ದು 'ಆಗಿದ್ದಾರೆ', ವಾಕ್ಯ ಮುಗಿಯುವ ಹೊತ್ತಿಗೆ ಬಂದದ್ದು 'ಬರೆದಿದ್ದಾರೆ'. ಮಾತಿನಲ್ಲಾದರೆ ದನಿ ಏರಿಳಿದು ಇದನ್ನು ಮುಚ್ಚಿಹಾಕುತ್ತದೆ. ಕಾಗದದ ಮೇಲೆ ದನಿ ಇಲ್ಲ. ಹಾಗಾಗಿ ಕನ್ನಡದ ಪಟ್ಟಿಯನ್ನು ತಿದ್ದುವವರು ಕೊನೆಯಿಂದ ಹಿಂದಕ್ಕೆ ಓದಬೇಕು.

ಮೊದಲು ಪ್ರತ್ಯಯದ ವಿಚಾರ. ಕನ್ನಡಕ್ಕೆ ಪಟ್ಟಿ ಕಟ್ಟುವ ಎರಡು ಹಳೆಯ ಕ್ರಮಗಳಿವೆ, ಎರಡನ್ನೂ ಮಕ್ಕಳು ಬೇರೆ ಹೆಸರಿನಲ್ಲಿ ಕಲಿತೇ ಇರುತ್ತಾರೆ. ದ್ವಂದ್ವ ಸಮಾಸವನ್ನು ಬಿಡಿಸಿ ಬರೆಯಿರಿ ಎಂದರೆ 'ಕೆರೆಯೂ ಕಟ್ಟೆಯೂ ಬಾವಿಯೂ' ಎಂದು ಬರೆಯುತ್ತಾರೆ. ಕೂಡಿಸಿ ಎಂದರೆ 'ಕೆರೆಕಟ್ಟೆಬಾವಿಗಳು'. ಬಿಡಿಸಿದಾಗ ಪ್ರತಿ ಪದದ ಮೈಮೇಲೂ 'ಊ' ಇದೆ. ಕೂಡಿಸಿದಾಗ ಎಲ್ಲರ ಪರವಾಗಿ ಕೊನೆಯ ಪದವೊಂದೇ 'ಗಳು' ಹೊತ್ತುಕೊಂಡಿದೆ. ಹಳಗನ್ನಡದಲ್ಲಿಯೂ 'ಉಂ' ಎಂಬುದು ಸಾಲಿನ ಪ್ರತಿ ಪದಕ್ಕೂ ಅಂಟುತ್ತಿತ್ತು. ಇಂದಿನ ಗದ್ಯದ ಪಟ್ಟಿಯೂ ಈ ಎರಡು ದಾರಿಗಳಲ್ಲೇ ನಡೆಯುತ್ತದೆ. 'ಅಕ್ಕಿಯನ್ನೂ ಬೇಳೆಯನ್ನೂ ಬೆಲ್ಲವನ್ನೂ ತಂದರು' ಎನ್ನಬಹುದು, 'ಅಕ್ಕಿ, ಬೇಳೆ, ಬೆಲ್ಲಗಳನ್ನು ತಂದರು' ಎನ್ನಬಹುದು. ಮೊದಲನೆಯದರಲ್ಲಿ ಒಂದೊಂದಕ್ಕೂ ಒತ್ತು ಬೀಳುತ್ತದೆ, ಎರಡನೆಯದರಲ್ಲಿ ಮೂರೂ ಸೇರಿ ಒಂದು ಸಾಮಾನಿನ ಚೀಲವಾಗುತ್ತವೆ. ಆಗಬಾರದ್ದು ಎಂದರೆ ಅರ್ಧ ದಾರಿಯಲ್ಲಿ ನಿಲ್ಲುವುದು: 'ಅಕ್ಕಿಯನ್ನು, ಬೇಳೆ ಮತ್ತು ಬೆಲ್ಲವನ್ನು ತಂದರು.' ಅಕ್ಕಿ ತನ್ನ ಪ್ರತ್ಯಯವನ್ನು ತಾನೇ ಹೊತ್ತಿದೆ, ಬೇಳೆ ಬೆಲ್ಲದ ಹೆಗಲಿಗೆ ಬಿಟ್ಟಿದೆ. ಎಲ್ಲರಿಗೂ ಇರಲಿ, ಇಲ್ಲವೇ ಕೊನೆಯವರಿಗೆ ಮಾತ್ರ ಇರಲಿ. ನಡುವಿನ ದಾರಿ ಇಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ರೂಪ ಒಂದೇ ಇರಬೇಕು ಎಂದರೆ ಕಿವಿಗೆ ಒಂದೇ ಸದ್ದು ಕೇಳಬೇಕು ಎಂದಲ್ಲ. 'ಅಪ್ಪನಿಗೆ, ಊರಿಗೆ, ದೇಶಕ್ಕೆ' ಎಂಬ ಸಾಲಿನಲ್ಲಿ ಇಗೆ, ಕ್ಕೆ ಎಂದು ಸದ್ದು ಬದಲಾಗಿದೆ. ಮೂರೂ ಚತುರ್ಥಿಯೇ, ಆದ್ದರಿಂದ ಸಾಲು ಸರಿಯಾಗಿದೆ. ಇದಕ್ಕೆ ತಿರುಗುಮುರುಗಾಗಿ, ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಪದಗಳು ಒಳಗೆ ಬೇರೆಯಾಗಿರಬಹುದು. 'ಹಾಡು, ನೃತ್ಯ ಮತ್ತು ನಾಟಕ ಆಡಿದರು' ಎಂಬ ವಾರ್ಷಿಕೋತ್ಸವದ ವರದಿಯನ್ನು ನೋಡಿ. ಮೂರೂ ನಾಮಪದ, ಮೂರೂ ಪ್ರತ್ಯಯವಿಲ್ಲದೆ ನಿಂತಿವೆ. ಕ್ರಿಯಾಪದದ ಪರೀಕ್ಷೆ ಮಾಡಿದರೆ ಗುಟ್ಟು ಹೊರಬೀಳುತ್ತದೆ. ನಾಟಕ ಆಡುತ್ತಾರೆ, ಹಾಡು ಆಡುವುದಿಲ್ಲ, ಹಾಡುತ್ತಾರೆ, ನೃತ್ಯ ಮಾಡುತ್ತಾರೆ. ತಿದ್ದಲು ಮೂರಕ್ಕೂ ಮೂರು ಕ್ರಿಯೆ ಕೊಡಬಹುದು: 'ಹಾಡಿದರು, ಕುಣಿದರು, ನಾಟಕ ಆಡಿದರು.' ಇಲ್ಲವೇ ಮೂರಕ್ಕೂ ಒಪ್ಪುವ ಒಂದು ಕ್ರಿಯಾಪದ ಹುಡುಕಬಹುದು: 'ಹಾಡು, ನೃತ್ಯ, ನಾಟಕಗಳನ್ನು ಪ್ರದರ್ಶಿಸಿದರು.' ನಮ್ಮ ಆಡುಮಾತಿಗೆ ಈ ಎರಡನೆಯ ಉಪಾಯ ಚೆನ್ನಾಗಿ ಗೊತ್ತು. ಮನೆಗೆ ಬಂದವರನ್ನು ಯಾರೂ 'ಕಾಫಿ ಕುಡಿದಿರಾ, ತಿಂಡಿ ತಿಂದಿರಾ' ಎಂದು ಬಿಡಿಸಿ ಕೇಳುವುದಿಲ್ಲ, 'ಕಾಫಿ ತಿಂಡಿ ಆಯ್ತಾ' ಎನ್ನುತ್ತಾರೆ. 'ಆಗು' ಎಂಬುದು ಕುಡಿಯುವುದಕ್ಕೂ ಹೊಂದುತ್ತದೆ, ತಿನ್ನುವುದಕ್ಕೂ ಹೊಂದುತ್ತದೆ. ಅದೇ ಮಗು ಶಾಲೆಯಲ್ಲಿ 'ಕಾಫಿ, ತಿಂಡಿ ತಿಂದೆವು' ಎಂದು ಬರೆಯುತ್ತದೆ!

ಇನ್ನೊಂದು ತಪ್ಪು ಕ್ರಿಯಾಪದ ಕೇಳುವ ವಿಭಕ್ತಿಗೆ ಸಂಬಂಧಿಸಿದ್ದು. 'ನಾವು ಹಿರಿಯರನ್ನು ಗೌರವಿಸಬೇಕು ಮತ್ತು ಸಹಾಯ ಮಾಡಬೇಕು.' ಗೌರವಿಸುವುದು ಹಿರಿಯರನ್ನು, ಸಹಾಯ ಮಾಡುವುದು ಹಿರಿಯರಿಗೆ. ಒಂದೇ 'ಹಿರಿಯರನ್ನು' ಎರಡು ಯಜಮಾನರಿಗೆ ದುಡಿಯಲಾರದು. 'ಹಿರಿಯರನ್ನು ಗೌರವಿಸಬೇಕು, ಅವರಿಗೆ ನೆರವಾಗಬೇಕು' ಎಂದು ಒಂದು ಸರ್ವನಾಮ ಸೇರಿಸಿದರೆ ಮುಗಿಯಿತು. ವಾಕ್ಯ ಉದ್ದವಾಯಿತೆಂದು ಕೊರಗಬೇಕಿಲ್ಲ.

ಮನುಷ್ಯರೂ ಪ್ರಾಣಿಗಳೂ ಒಂದೇ ಪಟ್ಟಿಗೆ ಬಂದಾಗಿನ ಫಜೀತಿ ಕನ್ನಡದಲ್ಲಿ ಎದ್ದು ಕಾಣುತ್ತದೆ. 'ರೈತನೂ ಎತ್ತುಗಳೂ ಹೊಲದಿಂದ' ಎಂದು ಬರೆದ ಮೇಲೆ ಏನು ಬರೆಯಬೇಕು? ಮರಳಿದರು ಎಂದರೆ ಎತ್ತುಗಳಿಗೆ ಹೊಂದದು, ಮರಳಿದವು ಎಂದರೆ ರೈತ ಸಿಟ್ಟಾಗುತ್ತಾನೆ. ಕೊನೆಯ ಪದಕ್ಕೆ ಒಪ್ಪುವಂತೆ ಬರೆದುಬಿಡಿ ಎಂದು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವ್ಯಾಕರಣ ಉಳಿದರೂ ಕಿವಿ ಉಳಿಯುವುದಿಲ್ಲ. ಒಂದೇ ಕ್ರಿಯಾಪದ ಎರಡಕ್ಕೂ ಹೊಂದದಿದ್ದರೆ ಅವು ಒಂದೇ ಪಟ್ಟಿಯ ಸದಸ್ಯರಲ್ಲ ಎಂದು ಭಾಷೆಯೇ ಹೇಳುತ್ತಿದೆ. ಪಟ್ಟಿ ಬಿಟ್ಟು 'ರೈತ ಎತ್ತುಗಳೊಂದಿಗೆ ಹೊಲದಿಂದ ಮರಳಿದ' ಎಂದರೆ ಸಮಸ್ಯೆಯೇ ಇಲ್ಲ.

ಕ್ರಿಯೆಗಳ ಪಟ್ಟಿಗೆ ಬಂದರೆ ಅಲ್ಲಿ ಮೂರು ರೂಪಗಳು ಬೆರೆಯುತ್ತವೆ. 'ಓದುವುದು, ಬರವಣಿಗೆ ಮತ್ತು ಆಟ ಆಡಲು ನನಗೆ ಇಷ್ಟ.' ಒಂದು ಭಾವನಾಮ, ಒಂದು ನಾಮಪದ, ಒಂದು 'ಅಲು' ರೂಪ. ಮೂರನ್ನೂ ಒಂದೇ ಅಚ್ಚಿಗೆ ತರಲು 'ಓದುವುದು, ಬರೆಯುವುದು, ಆಡುವುದು ನನಗೆ ಇಷ್ಟ' ಎನ್ನಬಹುದು. ಆದರೆ ಕನ್ನಡದ ಕ್ರಿಯಾಪದಗಳಿಗೆ ಅವುಗಳದ್ದೇ ಆದ ಪುಟ್ಟ ನಾಮರೂಪಗಳಿವೆ: ಓದು, ಬರಹ, ಆಟ, ಹಾಡು, ನಡಿಗೆ, ಊಟ. 'ಓದು, ಬರಹ, ಆಟ ಮೂರೂ ನನಗೆ ಇಷ್ಟ' ಎಂದರೆ ವಾಕ್ಯ ಅರ್ಧ ಹಗುರಾಗುತ್ತದೆ. ಯಾವುದು ಬೇಕು? ಕ್ರಿಯೆಗೆ ಕರ್ಮ, ಸಮಯ, ಜಾಗ ಜೊತೆಗಿದ್ದರೆ 'ಉವುದು' ರೂಪವೇ ಗತಿ: 'ಬೆಳಿಗ್ಗೆ ಪತ್ರಿಕೆ ಓದುವುದು, ಸಂಜೆ ಬಯಲಿನಲ್ಲಿ ಆಡುವುದು'. ಬರಿಯ ಹವ್ಯಾಸದ ಹೆಸರು ಸಾಕಾದರೆ ಪುಟ್ಟ ರೂಪವೇ ಚೆಂದ.

ಒಂದಾದ ಮೇಲೊಂದು ನಡೆದ ಕ್ರಿಯೆಗಳನ್ನು ಹೇಳುವಾಗ ಕನ್ನಡದ ಸ್ವಂತ ಬಗೆ ಬೇರೆ. 'ಎದ್ದು, ಮುಖ ತೊಳೆದು, ತಿಂಡಿ ತಿಂದು ಶಾಲೆಗೆ ಹೋದ.' ಮೊದಲ ಮೂರು ಕ್ರಿಯೆಗಳು ಅರ್ಧಕ್ಕೆ ನಿಂತು ಮುಂದಿನದಕ್ಕೆ ಕೈಕೊಡುತ್ತವೆ, ಕೊನೆಯದು ಮಾತ್ರ ಪೂರ್ಣವಾಗುತ್ತದೆ. ಕೊನೆಯದು ಬೇರೆ ರೂಪದಲ್ಲಿದೆ, ಹಾಗಾದರೆ ಸಮಾಂತರ ಕೆಟ್ಟಿತೇ ಎಂದು ಇಂಗ್ಲಿಷ್ ಕೈಪಿಡಿ ಹಿಡಿದವರು ಕೇಳಿಯಾರು. ಕೆಟ್ಟಿಲ್ಲ. ಪೂರ್ಣಕ್ರಿಯೆಯ ಹಿಂದಿನವೆಲ್ಲ ಒಂದೇ ರೂಪದಲ್ಲಿವೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ವಿದ್ಯಾರ್ಥಿಗಳ ತಪ್ಪು ಹೀಗಿರುತ್ತದೆ: 'ಎದ್ದು ಮುಖ ತೊಳೆದನು ಮತ್ತು ತಿಂಡಿ ತಿಂದು ಶಾಲೆಗೆ ಹೋದನು.' ನಡುವೆ ಒಂದು ಪೂರ್ಣಕ್ರಿಯೆ ಬಂದು ಸರಪಳಿ ತುಂಡಾಗಿದೆ. ಅದನ್ನು ಕಟ್ಟಲು 'ಮತ್ತು' ಬಂದಿದೆ. ಎರಡು ಪೂರ್ಣಕ್ರಿಯೆಗಳ ನಡುವೆ 'ಮತ್ತು' ಕಂಡರೆ ಅಲ್ಲಿ ಬಹುಪಾಲು ಇಂಗ್ಲಿಷಿನ ನೆರಳಿದೆ ಎಂದೇ ತಿಳಿಯಿರಿ. ಇನ್ನೊಂದು ಬೆರಕೆ ಇದಕ್ಕಿಂತ ಸೂಕ್ಷ್ಮ: 'ಮಕ್ಕಳು ಹಾಡುತ್ತಾ, ಕುಣಿದು, ನಗುತ್ತಾ ಬಂದರು.' ಹಾಡುತ್ತಾ ಎಂದರೆ ಬರುವಾಗಲೇ ಹಾಡುತ್ತಿದ್ದರು, ಕುಣಿದು ಎಂದರೆ ಕುಣಿತ ಮುಗಿಸಿ ಬಂದರು. ಬರೆದ ಹುಡುಗನಿಗೆ ಈ ಅರ್ಥ ಬೇಕಿರಲಿಲ್ಲ, ರೂಪದ ಬೆರಕೆ ಅದನ್ನು ಹೇರಿತು.

ಈ ಸರಪಳಿಗೆ ಒಂದು ಮಿತಿಯಿದೆ. ಸಾಮಾನ್ಯವಾಗಿ ಎಲ್ಲ ಕ್ರಿಯೆಗಳಿಗೂ ಕರ್ತೃ ಒಬ್ಬನೇ ಇರಬೇಕು. 'ನಾನು ಊಟ ಮಾಡಿ ಬಸ್ಸು ಹೊರಟಿತು' ಎಂದರೆ ಊಟ ಮಾಡಿದ್ದು ಬಸ್ಸೇ ಎನಿಸುತ್ತದೆ. 'ನಾನು ಊಟ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿತು' ಎಂದು ಬಿಡಿಸಬೇಕು. ಹಾಗಾದರೆ 'ಮಳೆ ಬಂದು, ಹೊಳೆ ತುಂಬಿ, ಸೇತುವೆ ಮುಳುಗಿತು' ಎಂಬುದು ಏಕೆ ಸರಿ? ಕರ್ತೃಗಳು ಮೂರು. ಆದರೆ ಒಂದರಿಂದ ಇನ್ನೊಂದು ತಾನಾಗಿ ಆಗಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಕಾರಣದ ಎಳೆ ಗಟ್ಟಿಯಾಗಿದ್ದಾಗ ಕನ್ನಡ ಕರ್ತೃ ಬದಲಾಗುವುದನ್ನು ಸಹಿಸುತ್ತದೆ. ನಿಯಮವನ್ನು ಕಣ್ಣುಮುಚ್ಚಿ ಹಿಡಿದು ಇಂಥ ವಾಕ್ಯಕ್ಕೂ ಕೆಂಪು ಗೆರೆ ಎಳೆದರೆ ತಪ್ಪು ತಿದ್ದುವವರದೇ.

ಇನ್ನು ಹೋಲಿಕೆ. ಇಲ್ಲಿ ಕನ್ನಡದ ಮುಖ್ಯ ಸಾಧನ 'ಇಂತ' ಎಂಬ ಪುಟ್ಟ ಬಾಲ: ನನಗಿಂತ, ಊರಿಗಿಂತ, ಅದಕ್ಕಿಂತ. ಶಾಲೆಯ ವಿಭಕ್ತಿ ಕೋಷ್ಟಕದಲ್ಲಿ ಯಾರೂ ಬಾಯಲ್ಲಿ ಆಡದ 'ದೆಸೆಯಿಂದ' ಎಂಬುದಕ್ಕೆ ಒಂದು ಮನೆ ಇದೆ, ದಿನಕ್ಕೆ ಹತ್ತು ಸಲ ಆಡುವ 'ಗಿಂತ'ಕ್ಕೆ ಮನೆಯಿಲ್ಲ. ಅದು ಯಾವಾಗಲೂ ಚತುರ್ಥಿಯ ಮೇಲೇ ಕೂರುತ್ತದೆ, ಮತ್ತು ಕೂತಾಗ ಆ ಪದಕ್ಕೆ ಮೊದಲಿದ್ದ ವಿಭಕ್ತಿಯನ್ನು ನುಂಗಿಬಿಡುತ್ತದೆ. ಹೋಲಿಕೆಯ ತೊಡಕುಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಂದ.

'ಅಮ್ಮ ನನಗಿಂತ ತಮ್ಮನನ್ನು ಹೆಚ್ಚು ಪ್ರೀತಿಸುತ್ತಾಳೆ' ಎಂಬ ವಾಕ್ಯ ತೆಗೆದುಕೊಳ್ಳಿ. ಮನೆಯಲ್ಲಿ ಮುನಿಸಿಕೊಂಡ ಹುಡುಗಿ ಹೀಗೆ ಹೇಳಿದರೆ ಅರ್ಥ ಗೊತ್ತಾಗುತ್ತದೆ: ಅಮ್ಮ ನನ್ನನ್ನು ಕಡಿಮೆ ಪ್ರೀತಿಸುತ್ತಾಳೆ, ಅವನನ್ನು ಹೆಚ್ಚು. ಆದರೆ ಅದೇ ವಾಕ್ಯಕ್ಕೆ ಇನ್ನೊಂದು ಅರ್ಥವೂ ಇದೆ: ತಮ್ಮನನ್ನು ನಾನೂ ಪ್ರೀತಿಸುತ್ತೇನೆ, ಅಮ್ಮನ ಪ್ರೀತಿ ಇನ್ನೂ ಹೆಚ್ಚು. 'ನನಗಿಂತ' ಎಂಬುದರ ಒಳಗೆ 'ನಾನು' ಇದೆಯೋ 'ನನ್ನನ್ನು' ಇದೆಯೋ ಹೊರಗೆ ಕಾಣುವುದಿಲ್ಲ. ತಿದ್ದಬೇಕಾದರೆ ನುಂಗಿದ್ದನ್ನು ಹೊರತೆಗೆಯಬೇಕು. 'ನನ್ನನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಅಮ್ಮ ತಮ್ಮನನ್ನು ಪ್ರೀತಿಸುತ್ತಾಳೆ' ಎಂದರೆ ಒಂದು ಅರ್ಥ, 'ನಾನು ತಮ್ಮನನ್ನು ಪ್ರೀತಿಸುವುದಕ್ಕಿಂತ ಅಮ್ಮ ಹೆಚ್ಚು ಪ್ರೀತಿಸುತ್ತಾಳೆ' ಎಂದರೆ ಇನ್ನೊಂದು. ಕ್ರಿಯಾಪದವನ್ನು ಎರಡೂ ಬದಿಗೆ ಕೊಟ್ಟಾಗ ವಿಭಕ್ತಿಗಳು ಬೆಳಕಿಗೆ ಬಂದವು.

ಎರಡನೆಯ ತಪ್ಪು, ಒಂದರ ಗುಣವನ್ನು ಇನ್ನೊಂದರ ಜೊತೆಯೇ ಹೋಲಿಸುವುದು. 'ಕೃಷ್ಣಾ ನದಿಯ ಉದ್ದ ಕಾವೇರಿಗಿಂತ ಹೆಚ್ಚು.' ಎಡಗಡೆ ಒಂದು ಅಳತೆ, ಬಲಗಡೆ ಒಂದು ನದಿ. ಕೃಷ್ಣೆಯ ಉದ್ದ ಸುಮಾರು 1,400 ಕಿಲೋಮೀಟರ್, ಕಾವೇರಿಯದು ಸುಮಾರು 800. ಹೋಲಬೇಕಾದ್ದು ಈ ಎರಡು ಸಂಖ್ಯೆಗಳು. 'ಕೃಷ್ಣೆಯ ಉದ್ದ ಕಾವೇರಿಯದಕ್ಕಿಂತ ಹೆಚ್ಚು' ಎಂದರೆ ಅಳತೆಗೆ ಅಳತೆ ಜೋಡಿಯಾಯಿತು. 'ಕೃಷ್ಣೆ ಕಾವೇರಿಗಿಂತ ಉದ್ದ' ಎಂದರೆ ನದಿಗೆ ನದಿ ಜೋಡಿಯಾಯಿತು, ವಾಕ್ಯವೂ ಚಿಕ್ಕದಾಯಿತು. ನನ್ನ ಮತ ಎರಡನೆಯದಕ್ಕೆ. 'ಅವರ ಮನೆ ನಮಗಿಂತ ದೊಡ್ಡದು' ಎಂಬಲ್ಲಿ ಮನೆಯನ್ನು ಮನುಷ್ಯರ ಪಕ್ಕ ನಿಲ್ಲಿಸಿ ಅಳೆದಂತಾಗಿದೆ. 'ನಮ್ಮದಕ್ಕಿಂತ' ಎಂದರೆ ಸಾಕು. ಈ ನಮ್ಮದು, ಅವರದು, ಊರಿನದು, ಕಾವೇರಿಯದು ಎಂಬ ರೂಪಗಳು ಹೋಲಿಕೆ ತಿದ್ದುವವರ ಕೈಗೆ ಸಿಗುವ ಅತ್ಯಂತ ಅಗ್ಗದ ಉಪಕರಣ. ಹೇಳಿದ ನಾಮಪದವನ್ನೇ ಮತ್ತೆ ಹೇಳದೆ ಅದರ ಜಾಗ ತುಂಬುತ್ತವೆ.

'ಬಸ್ಸಿನಲ್ಲಿ ಹೋಗುವುದಕ್ಕಿಂತ ರೈಲು ಅಗ್ಗ' ಎಂಬುದೂ ಇದೇ ಬಗೆ. ಹೋಗುವುದು ಒಂದು ಕ್ರಿಯೆ, ರೈಲು ಒಂದು ವಸ್ತು. 'ಬಸ್ಸಿಗಿಂತ ರೈಲು ಅಗ್ಗ' ಎನ್ನಿ, ಇಲ್ಲವೇ 'ಬಸ್ಸಿನಲ್ಲಿ ಹೋಗುವುದಕ್ಕಿಂತ ರೈಲಿನಲ್ಲಿ ಹೋಗುವುದು ಅಗ್ಗ' ಎನ್ನಿ. ಇನ್ನು 'ವಿಸ್ತೀರ್ಣದಲ್ಲಿ ಬೆಳಗಾವಿ ಕರ್ನಾಟಕದ ಎಲ್ಲ ಜಿಲ್ಲೆಗಳಿಗಿಂತ ದೊಡ್ಡದು' ಎಂಬಲ್ಲಿ ಸಂಗತಿ ನಿಜ, ವಾಕ್ಯ ಸುಳ್ಳು. ಬೆಳಗಾವಿಯೂ ಕರ್ನಾಟಕದ ಜಿಲ್ಲೆಯೇ ಆದ್ದರಿಂದ ಅದು ತನಗಿಂತ ತಾನೇ ದೊಡ್ಡದೆಂದು ಹೇಳಿದಂತಾಯಿತು. 'ಉಳಿದೆಲ್ಲ ಜಿಲ್ಲೆಗಳಿಗಿಂತ' ಎಂದು ಒಂದು ಪದ ತಿದ್ದಿದರೆ ಸರಿ.

'ಅಂತೆ', 'ಹಾಗೆ' ಎಂಬ ಹೋಲಿಕೆಗಳಲ್ಲಿ ಇಲ್ಲ ಎಂಬ ಅರ್ಥ ಸೇರಿದಾಗ ನಿಜವಾದ ಅಪಾಯವಿದೆ. 'ತಂದೆಯಂತೆ ಮಗ ಕುಡಿಯುವುದಿಲ್ಲ.' ತಂದೆ ಕುಡಿಯುತ್ತಾರೋ ಇಲ್ಲವೋ? ಎರಡೂ ಅರ್ಥ ಹೊರಡುತ್ತವೆ, ಒಂದು ತಂದೆಯ ಮರ್ಯಾದೆಗೆ ಕುತ್ತು ತರುವಂಥದ್ದು. ಅಲ್ಪವಿರಾಮದಿಂದ ಇದು ಸರಿಯಾಗುವುದಿಲ್ಲ. 'ತಂದೆ ಕುಡಿಯುತ್ತಾರೆ, ಮಗ ಕುಡಿಯುವುದಿಲ್ಲ' ಎಂದೋ 'ತಂದೆಯೂ ಕುಡಿಯುವುದಿಲ್ಲ, ಮಗನೂ ಕುಡಿಯುವುದಿಲ್ಲ' ಎಂದೋ ಎರಡು ಸಮನಾದ ವಾಕ್ಯಗಳಾಗಿ ಒಡೆಯಬೇಕು.

ಹೀಗೆಲ್ಲ ಹೇಳಿದ ಮೇಲೆ ಅತಿಯಾಗಿ ತಿದ್ದುವ ಚಪಲವೂ ಹುಟ್ಟುತ್ತದೆ. 'ಮೈಸೂರಿಗಿಂತ ಬೆಂಗಳೂರಿನಲ್ಲಿ ಬಾಡಿಗೆ ಹೆಚ್ಚು' ಎಂಬುದು ಅಚ್ಚುಕಟ್ಟಾದ ಕನ್ನಡ ವಾಕ್ಯ. ಒಂದು ಬದಿಯಲ್ಲಿ 'ಅಲ್ಲಿ' ಇದೆ, ಇನ್ನೊಂದು ಬದಿಯಲ್ಲಿ ಇಲ್ಲ ಎಂದು 'ಮೈಸೂರಿನಲ್ಲಿರುವ ಬಾಡಿಗೆಗಿಂತ ಬೆಂಗಳೂರಿನಲ್ಲಿರುವ ಬಾಡಿಗೆ' ಎಂದು ತಿದ್ದಿದರೆ ವಾಕ್ಯ ಕಚೇರಿಯ ಸುತ್ತೋಲೆಯಂತಾಗುತ್ತದೆ. ಸಪ್ತಮಿಯನ್ನು 'ಗಿಂತ' ನುಂಗಿದೆ ನಿಜ, ಆದರೆ ನುಂಗಿದ್ದು ಏನೆಂದು ಓದುಗನಿಗೆ ಸಂಶಯವಿಲ್ಲ. ಎರಡು ಅರ್ಥ ಬರುತ್ತಿದೆಯೇ, ಅಥವಾ ಹೋಲಿಕೆ ನಗೆಪಾಟಲಾಗುತ್ತಿದೆಯೇ ಎಂದು ಕೇಳಿಕೊಳ್ಳಿ. ಎರಡೂ ಇಲ್ಲವೆಂದಾದರೆ ಪೆನ್ನು ಕೆಳಗಿಡಿ.

ಈಗ ಒಂದು ಇಡೀ ಪ್ಯಾರಾ ತಿದ್ದೋಣ. ಒಂಬತ್ತನೆಯ ತರಗತಿಯ ಪ್ರಬಂಧಗಳಲ್ಲಿ ಕಾಣುವಂಥ ತಪ್ಪುಗಳನ್ನು ಒಂದೆಡೆ ಸೇರಿಸಿ ನಾನೇ ಕಟ್ಟಿದ ಮಾದರಿ ಇದು:

'ನಮ್ಮೂರ ಕೆರೆಯು ಜನರಿಗೆ, ದನಕರುಗಳು ಮತ್ತು ಬೇಸಾಯಕ್ಕೆ ಉಪಯೋಗವಾಗುತ್ತಿತ್ತು. ಆದರೆ ಹೂಳು ತುಂಬಿರುವುದು, ಒತ್ತುವರಿ ಮತ್ತು ಕಸ ಹಾಕುವುದರಿಂದ ಕೆರೆ ಹಾಳಾಯಿತು. ಪಕ್ಕದ ಊರಿನ ಕೆರೆಯ ನೀರು ನಮ್ಮೂರಿಗಿಂತ ಸ್ವಚ್ಛವಾಗಿದೆ. ಕಳೆದ ಬೇಸಿಗೆಯಲ್ಲಿ ಯುವಕರು, ಎತ್ತಿನ ಗಾಡಿಗಳು ಮತ್ತು ಟ್ರ್ಯಾಕ್ಟರುಗಳು ಹೂಳು ತೆಗೆದವು. ಕೆರೆಯನ್ನು ಉಳಿಸಬೇಕು, ಕಸ ಹಾಕಬಾರದು ಮತ್ತು ಗಿಡ ನೆಡುವುದು ನಮ್ಮ ಕರ್ತವ್ಯ.'

ಮೊದಲ ವಾಕ್ಯದಲ್ಲಿ ಕ್ರಿಯಾಪದ ಹಿಡಿದು ಹಿಂದಕ್ಕೆ ಹೋಗಿ. ಬೇಸಾಯಕ್ಕೆ ಉಪಯೋಗವಾಗುತ್ತಿತ್ತು, ಜನರಿಗೆ ಉಪಯೋಗವಾಗುತ್ತಿತ್ತು. ದನಕರುಗಳು ಮಾತ್ರ ಚತುರ್ಥಿಯಿಲ್ಲದೆ ನಿಂತಿವೆ. 'ದನಕರುಗಳಿಗೆ' ಎಂದರೆ ಸಾಲು ಕೂಡುತ್ತದೆ. ಇಲ್ಲಿ ಕೊನೆಯ ಪದವೊಂದೇ ಪ್ರತ್ಯಯ ಹೊರುವ ಎರಡನೆಯ ಕ್ರಮ ನಡೆಯದು, ಏಕೆಂದರೆ ಜನ, ದನಕರು, ಬೇಸಾಯ ಮೂರೂ ಒಂದೇ ಚೀಲಕ್ಕೆ ಸೇರುವ ವಸ್ತುಗಳಲ್ಲ. ಸದಸ್ಯರು ಬೇರೆ ಬೇರೆ ಜಾತಿಯವರಾದಷ್ಟೂ ಪ್ರತಿಯೊಬ್ಬರಿಗೂ ಪ್ರತ್ಯಯ ಕೊಡುವುದು ಲೇಸು.

ಎರಡನೆಯ ವಾಕ್ಯದಲ್ಲಿ ಕಾರಣಗಳ ಪಟ್ಟಿಯಿದೆ. ಮೂರನ್ನೂ 'ಉವುದು' ಮಾಡಿದರೆ 'ಹೂಳು ತುಂಬಿದ್ದರಿಂದ, ಒತ್ತುವರಿಯಾದದ್ದರಿಂದ, ಕಸ ಹಾಕಿದ್ದರಿಂದ' ಎಂದಾಗಿ ಕೆಮ್ಮಿದಂತೆ ಕೇಳುತ್ತದೆ. ಮೂರನ್ನೂ ನಾಮಪದ ಮಾಡಿ 'ಹೂಳು, ಒತ್ತುವರಿ, ಕಸ ಈ ಮೂರರಿಂದ ಕೆರೆ ಹಾಳಾಯಿತು' ಎನ್ನಬಹುದು. 'ಈ ಮೂರು' ಎಂಬ ಕೂಡುಪದ ಪ್ರತ್ಯಯದ ಹೊರೆಯನ್ನು ತಾನು ಹೊತ್ತುಕೊಳ್ಳುತ್ತದೆ. ಉಪಾಯ ಒಳ್ಳೆಯದು, ಆದರೆ ಪ್ರತಿ ಪಟ್ಟಿಯ ಕೊನೆಗೂ 'ಇವುಗಳು' ಬರತೊಡಗಿದರೆ ಬರಹ ಜಡವಾಗುತ್ತದೆ. ನಾನು ಆರಿಸುವುದು ಸರಪಳಿಯನ್ನು: 'ಹೂಳು ತುಂಬಿ, ಅಂಚು ಒತ್ತುವರಿಯಾಗಿ, ಕಸ ಬಿದ್ದು ಕೆರೆ ಹಾಳಾಯಿತು.' ಮಳೆ ಬಂದು ಹೊಳೆ ತುಂಬಿದ ವಾಕ್ಯದ ಅಚ್ಚೇ ಇದು.

ಮೂರನೆಯದರಲ್ಲಿ ನೀರನ್ನು ಊರಿನ ಜೊತೆ ಹೋಲಿಸಲಾಗಿದೆ. 'ನಮ್ಮ ಕೆರೆಯದಕ್ಕಿಂತ' ಎನ್ನಬಹುದು, ಆದರೆ 'ಪಕ್ಕದ ಊರಿನ ಕೆರೆ ನಮ್ಮದಕ್ಕಿಂತ ಸ್ವಚ್ಛವಾಗಿದೆ' ಎಂದರೆ ನೀರಿನ ಹೆಸರೆತ್ತುವ ಅಗತ್ಯವೇ ಇಲ್ಲ. ನಾಲ್ಕನೆಯದರಲ್ಲಿ ಯುವಕರು 'ತೆಗೆದವು' ಆಗಿದ್ದಾರೆ. ಗಾಡಿಗಳು ಹೂಳು ತೆಗೆಯುವುದಿಲ್ಲ, ಸಾಗಿಸುತ್ತವೆ. ಅವು ಸಾಧನಗಳು, ಕರ್ತೃಗಳಲ್ಲ. 'ಯುವಕರು ಹೂಳು ತೆಗೆದು ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದರು.' ಇಲ್ಲಿ ಕೊನೆಯ ಪದವೊಂದೇ 'ಗಳಲ್ಲಿ' ಹೊತ್ತರೆ ಸಾಕು, ಎರಡೂ ವಾಹನಗಳೇ.

ಕೊನೆಯ ವಾಕ್ಯ ಹೆಚ್ಚು ಕಷ್ಟದ್ದು. ಬೇಕು, ಬಾರದು, ಉವುದು ಎಂದು ಮೂರು ರೂಪ ಬೆರೆತಿವೆ ಎಂಬುದು ಮೇಲಿನ ತಪ್ಪು. 'ಉಳಿಸುವುದು, ಹಾಕದಿರುವುದು, ನೆಡುವುದು ನಮ್ಮ ಕರ್ತವ್ಯ' ಎಂದು ಸಮ ಮಾಡಿದರೂ ಒಳಗಿನ ತಪ್ಪು ಉಳಿಯುತ್ತದೆ. ಕೆರೆ ಉಳಿಸುವುದು ಗುರಿ. ಕಸ ಹಾಕದಿರುವುದು, ಗಿಡ ನೆಡುವುದು ಅದಕ್ಕೆ ದಾರಿ. ಗುರಿಯೂ ದಾರಿಯೂ ಒಂದೇ ಪಂಕ್ತಿಯಲ್ಲಿ ಕೂತಿವೆ. ರೂಪ ಸಮವಾಗುವ ಮೊದಲು ಅಂತಸ್ತು ಸಮವಾಗಬೇಕು. ಗುರಿಯನ್ನು ಪಟ್ಟಿಯಿಂದ ಎಬ್ಬಿಸಿ ಮುಂದೆ ಕೂರಿಸಿದರೆ ಉಳಿದೆರಡು ತಾವಾಗಿ ಜೋಡಿಯಾಗುತ್ತವೆ: 'ಕೆರೆ ಉಳಿಯಬೇಕಾದರೆ ಅದಕ್ಕೆ ಕಸ ಹಾಕಬಾರದು, ದಂಡೆಯಲ್ಲಿ ಗಿಡ ನೆಡಬೇಕು.' ಬೇಕು, ಬಾರದು ಎಂಬುವು ಕನ್ನಡದಲ್ಲಿ ಹುಟ್ಟಾ ಜೋಡಿಗಳು, ಒಂದು ಹೌದಾದರೆ ಒಂದು ಅಲ್ಲ; ರೂಪ ಭಿನ್ನವಾಯಿತೆಂಬ ಅಂಜಿಕೆ ಬೇಡ. 'ಕರ್ತವ್ಯ' ಎಂಬ ಪದ ಉದುರಿಹೋಯಿತು, ಯಾರಿಗೂ ನಷ್ಟವಿಲ್ಲ.

ತಿದ್ದಿದ ಪ್ಯಾರಾ ಹೀಗಿದೆ:

'ನಮ್ಮೂರ ಕೆರೆ ಜನರಿಗೆ, ದನಕರುಗಳಿಗೆ, ಬೇಸಾಯಕ್ಕೆ ಉಪಯೋಗವಾಗುತ್ತಿತ್ತು. ಆದರೆ ಹೂಳು ತುಂಬಿ, ಅಂಚು ಒತ್ತುವರಿಯಾಗಿ, ಕಸ ಬಿದ್ದು ಹಾಳಾಯಿತು. ಪಕ್ಕದ ಊರಿನ ಕೆರೆ ನಮ್ಮದಕ್ಕಿಂತ ಸ್ವಚ್ಛವಾಗಿದೆ. ಕಳೆದ ಬೇಸಿಗೆಯಲ್ಲಿ ಯುವಕರು ಹೂಳು ತೆಗೆದು ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದರು. ಕೆರೆ ಉಳಿಯಬೇಕಾದರೆ ಅದಕ್ಕೆ ಕಸ ಹಾಕಬಾರದು, ದಂಡೆಯಲ್ಲಿ ಗಿಡ ನೆಡಬೇಕು.'

ಒಂದು 'ಮತ್ತು' ಕೂಡ ಉಳಿದಿಲ್ಲ. ಹುಡುಕಿ ತೆಗೆದದ್ದಲ್ಲ, ಸಾಲುಗಳು ಸಮವಾದಾಗ ಅದಕ್ಕೆ ಕೆಲಸವಿಲ್ಲದಾಯಿತು. ಆದರೆ ತಿದ್ದುವಾಗ ನಾನು ಒಂದು ಆಯ್ಕೆ ಮಾಡಿದ್ದೇನೆ, ಅದನ್ನು ಹೇಳಬೇಕು. ಮೂಲದಲ್ಲಿದ್ದ 'ಕಸ ಹಾಕುವುದು' ನನ್ನ ಕೈಯಲ್ಲಿ 'ಕಸ ಬಿದ್ದು' ಎಂದಾಯಿತು, ಒತ್ತುವರಿ ತಾನಾಗಿ ಆದದ್ದಾಯಿತು. ಸರಪಳಿಗೆ ಅದು ಬೇಕಿತ್ತು, ಏಕೆಂದರೆ ತಾನಾಗಿ ಆದ ಕ್ರಿಯೆಗಳಿಗೆ ಮಾತ್ರ ಕರ್ತೃ ಬದಲಾಗಬಹುದು. ಕಸ ಹಾಕಿದವರು, ಅಂಚು ಒತ್ತಿದವರು ಈ ವಾಕ್ಯದಿಂದ ಸದ್ದಿಲ್ಲದೆ ಹೊರಗೆ ನಡೆದುಬಿಟ್ಟರು. ಅವರನ್ನು ಹೆಸರಿಸುವುದು ಪ್ರಬಂಧ ಬರೆದವಳ ಉದ್ದೇಶವಾಗಿದ್ದರೆ ಸರಪಳಿಯನ್ನು ಬಿಟ್ಟು 'ಹೂಳು ತುಂಬಿತು. ಅಕ್ಕಪಕ್ಕದ ಜಮೀನಿನವರು ಅಂಚನ್ನು ಒತ್ತಿದರು. ಊರಿನವರೇ ಕಸ ಸುರಿದರು' ಎಂದು ಮೂರು ಪೂರ್ಣವಾಕ್ಯಗಳನ್ನು ಸಾಲಾಗಿ ನಿಲ್ಲಿಸಬೇಕಾಗುತ್ತದೆ. ಯಾವುದು ಬೇಕೆಂದು ಅವಳನ್ನೇ ಕರೆದು ಕೇಳಬೇಕು.